ಟಿಕೆಟ್ ವಿಂಗಡಿಸುವ ಮಾಡೆಲ್‌ಗೆ ಪರೀಕ್ಷೆ: ಚೀಟಿ ಎತ್ತಬೇಕಾ, ಸಮಪಾಲು ಹಾಕಬೇಕಾ, ಹುಡುಕಿ ತರಬೇಕಾ?

ನಾನು ದಾವಣಗೆರೆಯಲ್ಲಿ ಒಂದು ಸಣ್ಣ ಕಂಪನಿಯ ಸಪೋರ್ಟ್ ಟೀಮ್ ನೋಡಿಕೊಳ್ಳುತ್ತೇನೆ. ನಾವು ಮಾರುವುದು ಬೋರ್‌ವೆಲ್ ಮೋಟ್ರಿಗೆ ಹಾಕುವ ಮೊಬೈಲ್ ಸ್ಟಾರ್ಟರ್. ಒಳಗೆ ಒಂದು ಸಿಮ್ ಇರುತ್ತದೆ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೂ ರೈತರು ತೋಟಕ್ಕೆ ಹೋಗದೆ ಮನೆಯಿಂದಲೇ ಮೋಟ್ರು ಹಾಕಬಹುದು. ಜಗಳೂರು, ಚನ್ನಗಿರಿ, ಚಳ್ಳಕೆರೆ, ಹಿರಿಯೂರು, ಎಲ್ಲ ಕಡೆ ಗಿರಾಕಿಗಳಿದ್ದಾರೆ. ದೂರುಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಒಂದೊಂದು ದೂರಿಗೂ ನಾವು ಟಿಕೆಟ್ ಅನ್ನುತ್ತೇವೆ. ನಾವು ಬರೆದುಕೊಟ್ಟ ಸೂಚನೆ, ಅಂದರೆ ಪ್ರಾಂಪ್ಟ್, ನೋಡಿಕೊಂಡು ಒಂದು ಲಾಂಗ್ವೇಜ್ ಮಾಡೆಲ್ ಅವನ್ನು ಓದಿ ಐದು ಗುಂಪಿಗೆ ಹಾಕುತ್ತದೆ: ರಿಪೇರಿ, ಆ್ಯಪ್–ಸಿಮ್, ಬಿಲ್, ಬಿಡಿಭಾಗ, ಅಪಾಯ.

ಮಾಡೆಲ್ ಶುರು ಮಾಡುವ ಮುಂಚೆ ನಾವೂ ಪರೀಕ್ಷೆ ಮಾಡಿದ್ದೆವು. ಹಳೆಯ ಟಿಕೆಟ್‌ಗಳಲ್ಲಿ 200 ತೆಗೆದುಕೊಂಡು ಓಡಿಸಿದೆವು. ನೂರಕ್ಕೆ 94 ಸರಿ ಬಂತು. ಎಲ್ಲರೂ ಖುಷಿಯಾಗಿ ಬೆಣ್ಣೆ ದೋಸೆ ತಿಂದು ಬಂದೆವು. ಆಮೇಲೆ ಒಂದು ದಿನ ಜಗಳೂರು ಕಡೆಯಿಂದ ಹೀಗೊಂದು ಮೆಸೇಜ್ ಬಂತು: "ಪೈಪ್ ಮುಟ್ಟಿದ್ರೆ ಜುಮ್ ಅಂತೈತಿ ನೋಡ್ರಿ". ಮಾಡೆಲ್ ಅದನ್ನು ರಿಪೇರಿಗೆ ಹಾಕಿತು. ರಿಪೇರಿ ಸಾಲಿನಲ್ಲಿ ಅದು ಎರಡು ದಿನ ಕೂತಿತ್ತು. ಕಬ್ಬಿಣದ ಪೈಪಿನಲ್ಲಿ ಕರೆಂಟ್ ಹರಿಯುತ್ತಿರುವಾಗ ಎರಡು ದಿನ! ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಹಿಂದಿರುಗಿ ಆ 200ನ್ನು ನೋಡಿದೆ. ಅದರಲ್ಲಿ ಅಪಾಯದ ಟಿಕೆಟ್ ಇದ್ದದ್ದು ಮೂರೇ ಮೂರು. ಮೂರನ್ನೂ ತಪ್ಪಾಗಿ ಹಾಕಿದ್ದರೂ ಅಂಕ ಒಂದೂವರೆ ಇಳಿಯುತ್ತಿತ್ತು, ಅಷ್ಟೇ. ನಾವು ಕೇಳಬೇಕಾದ ಪ್ರಶ್ನೆಯನ್ನು ಆ ಪರೀಕ್ಷೆ ಕೇಳಿರಲೇ ಇಲ್ಲ.

ಟೆಸ್ಟ್ ಸೆಟ್ ಕಟ್ಟಲು ನನ್ನ ಮುಂದೆ ಮೂರು ದಾರಿ ಇದ್ದವು. ಇದ್ದ ರಾಶಿಯಿಂದ ಚೀಟಿ ಎತ್ತಿದ ಹಾಗೆ ಕಣ್ಣುಮುಚ್ಚಿ ತೆಗೆಯುವುದು ಒಂದು. ಪ್ರತಿ ಗುಂಪಿನಿಂದಲೂ ಸಮನಾಗಿ ತೆಗೆಯುವುದು ಇನ್ನೊಂದು. ಬೇಕಾದಂಥ ಟಿಕೆಟ್‌ಗಳನ್ನು ಹುಡುಕಿಯೋ, ಬರೆದೋ ತರುವುದು ಮೂರನೆಯದು. ಒಂದೊಂದನ್ನೂ ಲೆಕ್ಕ ಹಾಕಿ ನೋಡೋಣ. ಅನುಕೂಲಕ್ಕೆ ಸಂಖ್ಯೆಗಳನ್ನು ದುಂಡಗೆ ಮಾಡಿದ್ದೇನೆ: ತಿಂಗಳಿಗೆ 2000 ಟಿಕೆಟ್. ಅದರಲ್ಲಿ ರಿಪೇರಿ 920, ಆ್ಯಪ್–ಸಿಮ್ 480, ಬಿಲ್ 320, ಬಿಡಿಭಾಗ 240, ಅಪಾಯ 40.

ಚೀಟಿ ಎತ್ತುವುದು

ಇದರ ದೊಡ್ಡ ಗುಣ ಅಂದರೆ ಇದು ಸುಳ್ಳು ಹೇಳುವುದಿಲ್ಲ. ರಾಶಿ ಹೇಗಿದೆಯೋ ಪರೀಕ್ಷೆಯೂ ಹಾಗೇ ಇರುತ್ತದೆ. ಕಂಗ್ಲಿಷ್‌ನಲ್ಲಿ ಟೈಪ್ ಮಾಡಿದವರು, ಕನ್ನಡದಲ್ಲಿ ಬರೆದವರು, ಬರೀ "ಹಲೋ ಸರ್" ಅಂತ ಕಳಿಸಿದವರು, ಎಲ್ಲರೂ ತಮ್ಮ ತಮ್ಮ ಪಾಲಿಗೆ ತಕ್ಕಂತೆ ಬರುತ್ತಾರೆ. "ಒಟ್ಟಾರೆ ನೂರಕ್ಕೆ ಎಷ್ಟು ಸರಿ?" ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

300 ಟಿಕೆಟ್ ತೆಗೆದು 270 ಸರಿ ಬಂದರೆ ನೂರಕ್ಕೆ 90. ಬೇರೆ 300 ತೆಗೆದಿದ್ದರೆ ಸ್ವಲ್ಪ ಆಚೀಚೆ ಆಗುತ್ತಿತ್ತು. ಆ ಆಚೀಚೆ ಸುಮಾರು 3.4. ಅಂದರೆ ನಿಜವಾದ ಸಂಖ್ಯೆ 87ರಿಂದ 93ರ ಒಳಗೆ ಇರಬಹುದು ಅಂತ ಹೇಳಬಹುದು. 100 ಮಾತ್ರ ತೆಗೆದಿದ್ದರೆ ಆಚೀಚೆ ಸುಮಾರು 6 ಆಗುತ್ತದೆ. ಅಂಥ ಪರೀಕ್ಷೆಯಲ್ಲಿ 88 ಬಂದ ಪ್ರಾಂಪ್ಟಿಗೂ 91 ಬಂದ ಪ್ರಾಂಪ್ಟಿಗೂ ವ್ಯತ್ಯಾಸ ಇದೆ ಅಂತ ಹೇಳುವುದು ಸುಮ್ನೆ ಮಾತು.

ಆದರೆ ಅಪಾಯದ ಗುಂಪನ್ನು ನೋಡಿ. ನೂರಕ್ಕೆ 2 ಅಂದರೆ 300ರಲ್ಲಿ ಆರು. 400 ತೆಗೆದರೂ ಎಂಟು. ಎಂಟರಲ್ಲಿ ಏಳು ಹಿಡಿಯಿತು ಅಂದುಕೊಳ್ಳಿ. ನೂರಕ್ಕೆ 87.5 ಅಂತ ವರದಿಯಲ್ಲಿ ಬರೆಯಬಹುದು, ನೋಡಲು ಚೆನ್ನಾಗಿರುತ್ತದೆ. ಆದರೆ ಎಂಟೇ ಟಿಕೆಟ್ ಮೇಲೆ ನಿಂತ ಈ ಸಂಖ್ಯೆಯ ಆಚೀಚೆ ಲೆಕ್ಕ ಹಾಕಿದರೆ 53ರಿಂದ 98ರವರೆಗೆ ಹೋಗುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟನ್ನು ಬಿಟ್ಟುಬಿಡುವ ಮಾಡೆಲ್ ಕೂಡ, ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿಯುವ ಮಾಡೆಲ್ ಕೂಡ ಇದೇ ಅಂಕ ತೆಗೆಯಬಹುದು. ಹಾಗಾದರೆ ಅಳತೆ ಮಾಡಿದ್ದಾದರೂ ಏನು?

ಸಮಪಾಲು

ಇದು ಮೊದಲ ದಾರಿಯ ಕೊರತೆಗೆ ತಕ್ಷಣ ಹೊಳೆಯುವ ಮದ್ದು. ಐದೂ ಗುಂಪಿನಿಂದ 60, 60 ತೆಗೆದು 300 ಮಾಡುವುದು. ಈಗ ಅಪಾಯದ ಟಿಕೆಟ್ 60 ಇವೆ. ಇರುವ ಅಪಾಯದಲ್ಲಿ ಎಷ್ಟನ್ನು ಹಿಡಿಯಿತು ಅನ್ನುವ ಲೆಕ್ಕ, ಅಂದರೆ ರೀಕಾಲ್, ಈಗ ಸ್ವಲ್ಪ ನಂಬುವಂತೆ ಸಿಗುತ್ತದೆ.

ಮೋಸ ಇರುವುದು ಇನ್ನೊಂದು ಲೆಕ್ಕದಲ್ಲಿ. ಮಾಡೆಲ್ "ಅಪಾಯ" ಅಂತ ಕೂಗಿದಾಗ ಎಷ್ಟು ಸಲ ಅದು ನಿಜ? ಇದಕ್ಕೆ ಪ್ರಿಸಿಶನ್ ಅನ್ನುತ್ತಾರೆ. ಮಾಡೆಲ್ ಅಪಾಯದ ನೂರರಲ್ಲಿ 85ನ್ನು ಹಿಡಿಯುತ್ತದೆ, ಬೇರೆ ಗುಂಪುಗಳ ನೂರರಲ್ಲಿ 3ನ್ನು ಸುಮ್ಮಸುಮ್ಮನೆ ಅಪಾಯ ಅನ್ನುತ್ತದೆ ಅಂತ ಇಟ್ಟುಕೊಳ್ಳಿ. ಸಮಪಾಲಿನ ಪರೀಕ್ಷೆಯಲ್ಲಿ 60ರಲ್ಲಿ 51 ಹಿಡಿಯಿತು. ಉಳಿದ 240ರಲ್ಲಿ 7ನ್ನು ತಪ್ಪಾಗಿ ಕೂಗಿತು. ಒಟ್ಟು 58 ಕೂಗು, 51 ನಿಜ. ಪ್ರಿಸಿಶನ್ ನೂರಕ್ಕೆ 88.

ಅದೇ ಮಾಡೆಲ್‌ನ್ನು ನಿಜವಾದ ತಿಂಗಳಿಗೆ ಬಿಡಿ. 40ರಲ್ಲಿ 34 ಹಿಡಿಯುತ್ತದೆ. ಉಳಿದ 1960ರಲ್ಲಿ ನೂರಕ್ಕೆ 3 ಅಂದರೆ 59. ಒಟ್ಟು 93 ಕೂಗು, ಅದರಲ್ಲಿ ನಿಜ 34. ಪ್ರಿಸಿಶನ್ ನೂರಕ್ಕೆ 37! ಮಾಡೆಲ್ ಬದಲಾಗಿಲ್ಲ, ಪ್ರಾಂಪ್ಟ್ ಬದಲಾಗಿಲ್ಲ. ಬದಲಾಗಿದ್ದು ರಾಶಿ ಮಾತ್ರ. ಪರೀಕ್ಷೆಯಲ್ಲಿ ಒಂದು ಅಪಾಯಕ್ಕೆ ನಾಲ್ಕು ಬೇರೆ ಟಿಕೆಟ್ ಇದ್ದವು, ಕೆಲಸದಲ್ಲಿ ಒಂದಕ್ಕೆ 49 ಇವೆ.

37 ಅಂದರೆ ಕೆಟ್ಟದ್ದು ಅಂತಲ್ಲ. ತಿಂಗಳಿಗೆ 93 ಕೂಗು ಅಂದರೆ ದಿನಕ್ಕೆ ಮೂರು. ಮೂರು ಜನರಿಗೆ ಫೋನ್ ಮಾಡಿ "ಮೊದಲು ಮೇನ್ ಆಫ್ ಮಾಡಿ ಅಣ್ಣ" ಅಂತ ಹೇಳುವುದು ನಮಗೆ ಭಾರವಲ್ಲ. ನನ್ನನ್ನು ಕೇಳಿದರೆ ಇದು ಒಳ್ಳೆಯ ವ್ಯಾಪಾರ. ಆದರೆ 88 ಅಂತ ನಂಬಿ ಕೂತವರು ಮೊದಲ ವಾರದಲ್ಲೇ "ಇದು ಬರೀ ಸುಳ್ಳು ಕೂಗುತ್ತೆ" ಅಂತ ನೋಡುವುದನ್ನೇ ಬಿಟ್ಟುಬಿಡುತ್ತಾರೆ.

ಪ್ರತಿ ಟಿಕೆಟ್‌ಗೂ ತೂಕ ಕೊಟ್ಟರೆ ಈ ಲೆಕ್ಕ ಸರಿಹೋಗುತ್ತದೆ. ಆ ಗುಂಪಿನ ನಿಜವಾದ ಪಾಲನ್ನು ಪರೀಕ್ಷೆಯಲ್ಲಿರುವ ಪಾಲಿನಿಂದ ಭಾಗಿಸಿದರೆ ತೂಕ ಸಿಗುತ್ತದೆ:

```
weight = live_share / test_share
repair: 0.46 / 0.20 = 2.3
apaya:  0.02 / 0.20 = 0.1
```

ಆದರೆ ಇಲ್ಲೂ ಒಂದು ಕೊಕ್ಕೆ ಇದೆ. ಆ 7 ತಪ್ಪು ಕೂಗುಗಳು ಎಲ್ಲ ಗುಂಪಿನಿಂದ ಹಂಚಿಕೊಂಡು ಬಂದಿರುವುದಿಲ್ಲ. ಬಿಲ್ ವಿಷಯವನ್ನು ಯಾವ ಮಾಡೆಲ್ಲೂ ಅಪಾಯ ಅನ್ನುವುದಿಲ್ಲ. ಗೊಂದಲ ಆಗುವುದು ರಿಪೇರಿಯಲ್ಲಿ: "ಸ್ಟಾರ್ಟರ್ ಸುಟ್ಟೋಗೈತಿ", "ಕಾಯಿಲ್ ವಾಸನೆ ಬರ್ತೈತೆ". ಏಳೂ ರಿಪೇರಿಯಿಂದಲೇ ಬಂದಿದ್ದರೆ ತೂಕ ಹಾಕಿದ ಮೇಲೆ ಪ್ರಿಸಿಶನ್ 37 ಅಲ್ಲ, 24ಕ್ಕೆ ಬರುತ್ತದೆ. ಏಳೇ ಟಿಕೆಟ್ ಮೇಲೆ ಇಷ್ಟೆಲ್ಲ ತೂಗಾಡುತ್ತದೆ. ಅದಕ್ಕೇ ನಾನು ಪ್ರಿಸಿಶನ್ ನೋಡಲು ಸಮಪಾಲಿನ ಸೆಟ್ ಬಳಸುವುದಿಲ್ಲ. ಮಾಡೆಲ್ ನಿಜವಾಗಿ "ಅಪಾಯ" ಅಂದ ಟಿಕೆಟ್‌ಗಳಲ್ಲೇ 100 ತೆಗೆದು ಒಂದೊಂದಾಗಿ ಓದುತ್ತೇನೆ. ಅದು ನೇರವಾದ ದಾರಿ. ಆಚೀಚೆ ಸುಮಾರು 10 ಇರುತ್ತದೆ. ಈ ಪ್ರಶ್ನೆಗೆ ಅಷ್ಟು ಸಾಕು.

ಅಪರೂಪದ್ದನ್ನು ಎಲ್ಲಿಂದ ತರುವುದು?

ನಮ್ಮಲ್ಲಿ ಜಾಸ್ತಿ ತಲೆ ಕೆಡಿಸಿದ್ದು ಇದೇ. ರೀಕಾಲ್ ಅಳೆಯಲು ಅಪಾಯದ ಟಿಕೆಟ್ ನೂರಾದರೂ ಬೇಕು ಅಂತ ಗೊತ್ತಾಯಿತು. ಸರಿ, ಅವನ್ನು ರಾಶಿಯಿಂದ ಹೆಕ್ಕುವುದು ಹೇಗೆ? ತಪ್ಪು ದಾರಿ ಹಿಡಿದರೆ ಪರೀಕ್ಷೆ ಮೊದಲೇ ಸೋಲುತ್ತದೆ, ಸೋತದ್ದು ಗೊತ್ತೂ ಆಗುವುದಿಲ್ಲ.

ಸುಲಭದ್ದು ಅಂದರೆ ಮಾಡೆಲ್ ಅಪಾಯ ಅಂದಿದ್ದನ್ನೇ ತೆಗೆದುಕೊಳ್ಳುವುದು. ಪ್ರಿಸಿಶನ್‌ಗೆ ಇದೇ ಸರಿಯಾದ ದಾರಿ ಅಂತ ಈಗಷ್ಟೇ ಹೇಳಿದೆ. ರೀಕಾಲ್‌ಗೆ ಇದು ಪೂರ್ತಿ ಕೆಲಸಕ್ಕೆ ಬಾರದ್ದು. ಮಾಡೆಲ್ ಕೈ ತಪ್ಪಿದ ಟಿಕೆಟ್ ಈ ರಾಶಿಯಲ್ಲಿ ಇರುವುದೇ ಇಲ್ಲ. ಬಲೆಗೆ ಬಿದ್ದ ಮೀನು ಎಣಿಸಿ ಕೆರೆಯಲ್ಲಿ ಎಷ್ಟು ಉಳಿದಿದೆ ಅಂತ ಹೇಳಿದ ಹಾಗೆ.

ಹಾಗಾದರೆ ಮಾಡೆಲ್ ಅಪಾಯ ಅಲ್ಲ ಅಂದ 1907 ಟಿಕೆಟ್‌ಗಳಲ್ಲಿ ಹುಡುಕಬಹುದಲ್ಲ? ಬಿಟ್ಟುಹೋದ ಆರು ಅಲ್ಲೇ ಇವೆ. 300 ಓದಿದರೆ ಸರಾಸರಿ ಒಂದು ಸಿಗುತ್ತದೆ. ಒಂದೂ ಸಿಗದೆಯೂ ಹೋಗಬಹುದು. ಆಗ "ಒಂದೂ ಇಲ್ಲ, ಎಲ್ಲ ಸರಿಯಿದೆ" ಅಂತ ಅನ್ನಿಸುತ್ತದೆ. ಇಲ್ಲಿ ಒಂದು ಸುಲಭ ಸೂತ್ರ ನೆನಪಿಡಿ: ಓದಿದ ಸಂಖ್ಯೆಯಿಂದ 3ನ್ನು ಭಾಗಿಸಿ. 300 ಓದಿ ಒಂದೂ ಸಿಗದಿದ್ದರೆ, ನಿಜವಾದ ಪ್ರಮಾಣ ನೂರಕ್ಕೆ 1ರವರೆಗೂ ಇರಬಹುದು. 1907ರಲ್ಲಿ ನೂರಕ್ಕೆ 1 ಅಂದರೆ 19 ಟಿಕೆಟ್. ತಿಂಗಳಿಗೆ ಇರುವ ಅಪಾಯವೇ 40 ಅಂದಮೇಲೆ 19 ಬಿಟ್ಟುಹೋಗಿರಬಹುದು ಅನ್ನುವುದು ನೆಮ್ಮದಿಯ ಮಾತಲ್ಲ.

ಮೂರನೆಯದು ಪದ ಹಾಕಿ ಹುಡುಕುವುದು. "ಶಾಕ್" ಅಂತ ಸರ್ಚ್ ಕೊಟ್ಟರೆ ಬೇಕಾದಷ್ಟು ಸಿಗುತ್ತವೆ. ನಾವೂ ಮೊದಲು ಹಾಗೇ ಮಾಡಿದೆವು. ಆದರೆ "ಶಾಕ್" ಅಂತ ಬರೆದವರ ಟಿಕೆಟ್ ಯಾರಾದರೂ ಹಿಡಿಯುತ್ತಾರೆ. ಅದಕ್ಕೆ ಮಾಡೆಲ್ ಯಾಕೆ ಬೇಕು? ನಮ್ಮ ಕಡೆ ಜನ ಹೇಳುವುದು ಬೇರೆ ಥರ. "ಕೈ ಜುಮ್ ಅಂತು". "ಪ್ಯಾನಲ್ ಬೋರ್ಡ್ ಮುಟ್ಟಂಗಿಲ್ಲ". "ಕರೆಂಟ್ ಹೊಡೀತೈತಿ". ಒಬ್ಬರು ಬರೆದಿದ್ದರು: "ಎಮ್ಮೆ ತೊಟ್ಟಿ ಹತ್ರ ಹೋಗವಲ್ದು, ಹೋದ್ರೆ ಹಿಂದಕ್ಕೆ ಹಾರ್ತೈತಿ". ಅದರಲ್ಲಿ ಕರೆಂಟ್ ಅನ್ನುವ ಪದವೇ ಇಲ್ಲ. ದಾವಣಗೆರೆ ಕಡೆಯವರು "ಐತಿ" ಅಂತ ಬರೆದರೆ ಚಳ್ಳಕೆರೆ, ಹಿರಿಯೂರಿನವರು "ಐತೆ" ಅನ್ನುತ್ತಾರೆ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್.

ಕೊನೆಗೆ ದಾರಿ ಸಿಕ್ಕಿದ್ದು ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರಿಂದ. ನಾನು ಕಂಪ್ಯೂಟರ್ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದೆ. "ಸರ್, ಕಾರ್ಡ್ ನೋಡ್ರಿ, ಅದ್ರಾಗೆ ಎಲ್ಲ ಐತಲ್ಲ" ಅಂದರು. ಹೌದಲ್ವಾ! ಮೆಕ್ಯಾನಿಕ್ ತೋಟಕ್ಕೆ ಹೋಗಿ ಬಂದಮೇಲೆ ಒಂದು ವಿಸಿಟ್ ಕಾರ್ಡ್ ತುಂಬುತ್ತಾರೆ. ಅರ್ಥಿಂಗ್ ಇಲ್ಲ, ಕೇಬಲ್ ಸೀಳಿದೆ, ಹೊರಗಿನ ಬಾಡಿಯಲ್ಲಿ ಕರೆಂಟ್ ಬರುತ್ತಿದೆ, ಎಲ್ಲ ಅದರಲ್ಲಿ ಬರೆದಿರುತ್ತದೆ. ಕಾರ್ಡ್ ತುಂಬಿದವರು ಟಿಕೆಟ್‌ನಲ್ಲಿ ಏನು ಪದ ಇತ್ತು ಅಂತಲೂ ನೋಡಿಲ್ಲ, ಮಾಡೆಲ್ ಏನು ಹೇಳಿತ್ತು ಅಂತಲೂ ನೋಡಿಲ್ಲ. ಅದೇ ಇದರ ಬೆಲೆ. ಕಾರ್ಡಿನಿಂದ ಹಿಂದಕ್ಕೆ ಹೋಗಿ ಆ ಟಿಕೆಟ್‌ಗಳನ್ನು ಹೆಕ್ಕಿದೆವು. ನಿಮ್ಮಲ್ಲಿ ವಿಸಿಟ್ ಕಾರ್ಡ್ ಇಲ್ಲದಿದ್ದರೆ ವಾಪಸ್ ಬಂದ ಮಾಲಿನ ಪಟ್ಟಿ ಇರಬಹುದು, ಹಣ ಮರಳಿಸಿದ ಲೆಕ್ಕ ಇರಬಹುದು, ಕಾಲ್ ರಿಜಿಸ್ಟರ್ ಇರಬಹುದು. ಟಿಕೆಟ್‌ನ ಪದಗಳಿಗೂ ಮಾಡೆಲ್‌ಗೂ ಸಂಬಂಧ ಇಲ್ಲದ ಯಾವುದಾದರೂ ದಾಖಲೆ ಬೇಕು.

ವ್ಯತ್ಯಾಸ ಎಷ್ಟು ಬರುತ್ತದೆ ನೋಡಿ. ಕಾರ್ಡಿನಿಂದ ಬಂದ 120 ಟಿಕೆಟ್‌ಗಳಲ್ಲಿ 70ರಲ್ಲಿ "ಶಾಕ್" ಪದ ಇದೆ, 50ರಲ್ಲಿ ಇಲ್ಲ ಅಂದುಕೊಳ್ಳಿ. ಮಾಡೆಲ್ ಆ 70ರಲ್ಲಿ 67 ಹಿಡಿಯುತ್ತದೆ, 50ರಲ್ಲಿ 34 ಮಾತ್ರ. ಪದ ಹಾಕಿ ಹುಡುಕಿದವರು ನೂರಕ್ಕೆ 96 ಅಂತ ಬರೆದುಕೊಳ್ಳುತ್ತಾರೆ. ಕಾರ್ಡ್ ಹಿಡಿದು ಹೋದವರಿಗೆ 120ಕ್ಕೆ 101, ಅಂದರೆ 84 ಸಿಗುತ್ತದೆ. ಎಲ್ಲಿ ಸೋಲುತ್ತಿದೆ ಅಂತಲೂ ಗೊತ್ತಾಗುತ್ತದೆ: ಪದ ಇಲ್ಲದ ಟಿಕೆಟ್‌ಗಳಲ್ಲಿ ಮೂರಕ್ಕೆ ಒಂದು ಕೈ ತಪ್ಪುತ್ತಿದೆ.

ಕಾರ್ಡಿಗೂ ಒಂದು ಮಿತಿ ಇದೆ. ಫೋನಿನಲ್ಲೇ ಬಗೆಹರಿದ ದೂರಿಗೆ ಕಾರ್ಡ್ ಇರುವುದಿಲ್ಲ. ಹಾಗಾಗಿ 84 ಅನ್ನುವುದು ಮೆಕ್ಯಾನಿಕ್ ಹೋದ ಟಿಕೆಟ್‌ಗಳ ಮಟ್ಟಿಗೆ ನಿಜ. ವರದಿಯಲ್ಲಿ ಅದನ್ನು ಹಾಗೇ ಬರೆಯಬೇಕು.

ಬರೆದು ತರುವುದು

ಇಲ್ಲದ ಟಿಕೆಟ್ ಬರೆಸಿದರೆ ಆಗುವುದಿಲ್ವಾ ಅಂತ ಕೆಲವರು ಕೇಳುತ್ತಾರೆ. ಆಫೀಸಿನವರೇ ಕೂತು ಬರೆಯಬಹುದು, ಮಾಡೆಲ್ ಕೈಲೇ ಬರೆಸಬಹುದು. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಮಾಡೆಲ್ ಬರೆದದ್ದು ಹೀಗಿತ್ತು: "ಮೋಟಾರ್ ಸ್ಪರ್ಶಿಸಿದಾಗ ವಿದ್ಯುತ್ ಆಘಾತವಾಗುತ್ತಿದೆ, ದಯವಿಟ್ಟು ಪರಿಶೀಲಿಸಿ". ಹೊಳಲ್ಕೆರೆಯ ಅಡಿಕೆ ತೋಟದಿಂದ ಯಾರೂ ಹೀಗೆ ಬರೆದು ಕಳಿಸಿಲ್ಲ, ಕಳಿಸುವುದೂ ಇಲ್ಲ. ತನ್ನ ಭಾಷೆಯಲ್ಲಿ ತಾನೇ ಬರೆದದ್ದನ್ನು ಮಾಡೆಲ್ ಸಲೀಸಾಗಿ ವಿಂಗಡಿಸುತ್ತದೆ. ಅಂಕ ಸುಮ್ಮನೆ ಮೇಲೆ ಹೋಗುತ್ತದೆ.

ಬರೆದದ್ದು ಕೆಲಸಕ್ಕೆ ಬರುವುದು ಬೇರೆ ಜಾಗದಲ್ಲಿ. ಹೊಸ ಸೋಲಾರ್ ಸ್ಟಾರ್ಟರ್ ಬಿಡುತ್ತೀರಿ, ಅದರ ದೂರು ಇನ್ನೂ ಒಂದೂ ಬಂದಿಲ್ಲ. ಆಗ ಬರೆಯಲೇಬೇಕು. ಹಾಗೇ ಹಿಂದೆ ಎಡವಿದ 25 ಟಿಕೆಟ್‌ಗಳ ಒಂದು ಹಠಮಾರಿ ಪಟ್ಟಿ ನನ್ನ ಹತ್ತಿರ ಇದೆ. ಆ ಎಮ್ಮೆಯೂ ಅದರಲ್ಲಿದೆ. ಪ್ರಾಂಪ್ಟ್ ಬದಲಿಸಿದಾಗಲೆಲ್ಲ ಅದನ್ನು ಓಡಿಸುತ್ತೇನೆ. ಆದರೆ ಅದಕ್ಕೆ ಅಂಕ ಕೊಡುವುದಿಲ್ಲ. ಯಾವುದು ಪಾಸ್, ಯಾವುದು ಫೇಲ್ ಅಂತ ನೋಡುತ್ತೇನೆ, ಅಷ್ಟೇ.

ಸರಿ ಉತ್ತರ ಯಾರದು: ಹಳೆಯ ಲೇಬಲ್ಲಾ, ಹೊಸ ಲೇಬಲ್ಲಾ?

ಟಿಕೆಟ್ ಆರಿಸಿದ ಮೇಲೆ ಪ್ರತಿಯೊಂದಕ್ಕೂ ಸರಿ ಉತ್ತರ ಬೇಕು. ಹಳೆಯ ಟಿಕೆಟ್‌ಗಳಿಗೆ ಸಪೋರ್ಟ್ ಹುಡುಗರು ಹಾಕಿದ ಲೇಬಲ್ ಇದ್ದೇ ಇದೆ, ಬಿಟ್ಟಿ ಸಿಗುತ್ತದೆ. ಅದನ್ನೇ ಬಳಸಬಹುದಲ್ಲ?

ನಾನು ಬಳಸುವುದಿಲ್ಲ. ಒಂದು ಕಾರಣ ಎಲ್ಲರಿಗೂ ಗೊತ್ತಿರುವುದೇ. ಪಟ್ಟಿಯಲ್ಲಿ ಮೊದಲು "ರಿಪೇರಿ" ಇರುತ್ತದೆ, ಸಂಜೆ ಹೊತ್ತು ಎಲ್ಲವೂ ರಿಪೇರಿ ಆಗುತ್ತದೆ. ಎರಡನೆಯ ಕಾರಣ ಕಣ್ಣಿಗೆ ಬೀಳುವುದಿಲ್ಲ, ಆದರೆ ಅದೇ ಜಾಸ್ತಿ ಕೆಡಿಸುತ್ತದೆ. "ಮೋಟ್ರು ಓಡವಲ್ದು" ಅಂತ ಟಿಕೆಟ್ ಬರುತ್ತದೆ. ಹುಡುಗ ಫೋನ್ ಮಾಡಿ ಕೇಳುತ್ತಾನೆ. ಸಿಮ್ ರೀಚಾರ್ಜ್ ಮುಗಿದಿದೆ ಅಂತ ಗೊತ್ತಾಗುತ್ತದೆ. ಟಿಕೆಟ್ ಮುಚ್ಚುವಾಗ ಆ್ಯಪ್–ಸಿಮ್ ಅಂತ ಹಾಕುತ್ತಾನೆ. ಅವನು ಮಾಡಿದ್ದು ಸರಿಯೇ. ಆದರೆ ಆ ಲೇಬಲ್‌ನಲ್ಲಿ ಫೋನಿನ ಮಾತು ಸೇರಿಕೊಂಡಿದೆ. ಮಾಡೆಲ್ ಕೈಯಲ್ಲಿ ಇದ್ದದ್ದು ಎರಡೇ ಪದ. ಅದು ರಿಪೇರಿ ಅಂದರೆ ತಪ್ಪು ಅಂತ ಅಂಕ ಕಳೆಯುವುದು ನ್ಯಾಯವಲ್ಲ.

ಈ ಮಾತು ನಮ್ಮ ವಿಸಿಟ್ ಕಾರ್ಡಿಗೂ ತಗಲುತ್ತದೆ. ಕಾರ್ಡಿನಲ್ಲಿ "ಬಾಡಿ ಕರೆಂಟ್" ಅಂತ ಇದ್ದರೂ ಟಿಕೆಟ್‌ನಲ್ಲಿ ಬರೀ "ನೀರು ಬರ್ತಿಲ್ಲ" ಅಂತ ಇರಬಹುದು. ಅದಕ್ಕೆ ನಾನು ಕಾರ್ಡನ್ನು ಟಿಕೆಟ್ ಹುಡುಕಲು ಮಾತ್ರ ಬಳಸುತ್ತೇನೆ, ಲೇಬಲ್ ಹಾಕಲು ಅಲ್ಲ. ಕಾರ್ಡಿನಿಂದ 150 ಟಿಕೆಟ್ ತೆಗೆದು, ಚೀಟಿ ಎತ್ತಿದ 300ರ ಜೊತೆ ಕಲೆಸಿಬಿಟ್ಟೆವು. ಯಾವುದು ಎಲ್ಲಿಂದ ಬಂತು ಅಂತ ಲೇಬಲ್ ಹಾಕುವವರಿಗೆ ಹೇಳಲಿಲ್ಲ. ಹೇಳಿದ್ದರೆ ಎಲ್ಲದರಲ್ಲೂ ಅಪಾಯ ಕಾಣುತ್ತಿತ್ತು. ಇಬ್ಬರು ಬೇರೆ ಬೇರೆ ಕೂತು 450ನ್ನೂ ಬರೀ ಪಠ್ಯ ನೋಡಿ ವಿಂಗಡಿಸಿದರು. ಒಂದಕ್ಕೆ ಒಂದು ನಿಮಿಷ ಹಿಡಿದರೆ ಏಳೂವರೆ ಗಂಟೆ, ಅಂದರೆ ಒಬ್ಬೊಬ್ಬರಿಗೆ ಒಂದು ದಿನದ ಕೆಲಸ. ಕಾರ್ಡಿನ 150ರಲ್ಲಿ 30ರ ಪಠ್ಯದಲ್ಲಿ ಅಪಾಯದ ಸುಳಿವೇ ಇರಲಿಲ್ಲ. ಅವನ್ನು ಪಕ್ಕಕ್ಕೆ ಇಟ್ಟೆವು. ಉಳಿದದ್ದೇ ಆ 120. ಪಕ್ಕಕ್ಕಿಟ್ಟ 30 ಮಾಡೆಲ್‌ನ ತಪ್ಪಲ್ಲ. "ಮುಟ್ಟಿದರೆ ಕರೆಂಟ್ ಹೊಡೆಯುತ್ತಾ?" ಅಂತ ನಾವೇ ಒಂದು ಪ್ರಶ್ನೆ ಕೇಳಬೇಕಿತ್ತು. ಈಗ ವಾಟ್ಸಾಪ್‌ನ ಮೊದಲ ಉತ್ತರದಲ್ಲೇ ಅದನ್ನು ಕೇಳುತ್ತೇವೆ.

ಇಬ್ಬರ ಲೇಬಲ್ ಹೊಂದದ ಟಿಕೆಟ್‌ಗಳನ್ನು ಜೊತೆಗೆ ಕೂತು ಮಾತಾಡಿ. ಅರ್ಧ ಜಗಳ ಒಂದೇ ವಿಷಯಕ್ಕೆ ಇರುತ್ತದೆ: ಒಂದು ಮೆಸೇಜ್‌ನಲ್ಲಿ ಎರಡು ದೂರು. "ಬಿಲ್ ಜಾಸ್ತಿ ಹಾಕೀರಿ, ಮೋಟ್ರೂ ಟ್ರಿಪ್ ಆಗ್ತೈತಿ". ನಾವು ಬರೆದಿಟ್ಟುಕೊಂಡ ನಿಯಮ ಹೀಗಿದೆ: ಅಪಾಯ ಇದ್ದರೆ ಅದೇ ಮೊದಲು. ಇಲ್ಲದಿದ್ದರೆ ಎರಡರಲ್ಲಿ ಯಾವುದು ಬಂದರೂ ಸರಿ. ಇಬ್ಬರು ಮನುಷ್ಯರೇ ಒಪ್ಪದ ಕಡೆ ಮಾಡೆಲ್‌ನಿಂದ ಒಂದೇ ಉತ್ತರ ನಿರೀಕ್ಷಿಸಿ ಏನು ಮಾಡುವುದು? ಇದೇ ನಿಯಮವನ್ನು ಪ್ರಾಂಪ್ಟಿನಲ್ಲೂ ಬರೆಯಲು ಮರೆಯಬೇಡಿ.

ಕೊನೆಗೆ ಫೈಲು ಹೀಗೆ ಕಾಣುತ್ತದೆ:

```
id,text,label,source
0142,"motor on agtilla, app alli offline torstide",app_sim,random
0377,"ಪೈಪ್ ಮುಟ್ಟಿದ್ರೆ ಜುಮ್ ಅಂತೈತಿ ನೋಡ್ರಿ",apaya,card
```

`source` ಅನ್ನುವ ಕಾಲಂ ಇರಲೇಬೇಕು. `random` ಸಾಲುಗಳಿಂದ ಒಟ್ಟಾರೆ ಅಂಕ, `card` ಸಾಲುಗಳಿಂದ ಅಪಾಯದ ರೀಕಾಲ್. ಎರಡನ್ನೂ ಕೂಡಿಸಿ 420ಕ್ಕೆ ಇಷ್ಟು ಅಂತ ಹೇಳಿದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಮಾಡೆಲ್ ಪಟ್ಟಿಯಲ್ಲಿಲ್ಲದ ಲೇಬಲ್ ಕೊಟ್ಟರೆ, ಅಥವಾ ಲೇಬಲ್ ಬದಲು ಒಂದು ಪ್ಯಾರಾ ವಿವರಣೆ ಕೊಟ್ಟರೆ, ಅದನ್ನೂ ತಪ್ಪು ಅಂತಲೇ ಎಣಿಸಿ. ಫೋನ್ ನಂಬರ್, ಹೆಸರು, ಊರು ಅಳಿಸಿ. ಒಬ್ಬರೇ ಒಂದೇ ಮೋಟ್ರಿನ ಬಗ್ಗೆ ನಾಲ್ಕು ಮೆಸೇಜ್ ಕಳಿಸಿದ್ದರೆ ಒಂದನ್ನೇ ಇಟ್ಟುಕೊಳ್ಳಿ.

ಬೀಗ ಹಾಕಬೇಕಾ, ತೆರೆದಿಡಬೇಕಾ?

ಲಾಂಗ್ವೇಜ್ ಮಾಡೆಲ್‌ಗೆ ತರಬೇತಿ ಕೊಟ್ಟಿಲ್ಲ, ಬರೀ ಪ್ರಾಂಪ್ಟ್ ಬರೆದಿದ್ದೇವೆ, ಹಾಗಾಗಿ ಟೆಸ್ಟ್ ಸೆಟ್ ಬೇರೆ ಇಡಬೇಕಿಲ್ಲ ಅಂತ ಒಬ್ಬ ಗೆಳೆಯ ವಾದ ಮಾಡಿದ. ನಾನು ಒಪ್ಪುವುದಿಲ್ಲ. ಕಲಿಯುವುದು ಮಾಡೆಲ್ ಮಾತ್ರ ಅಲ್ಲ, ನಾವೂ ಕಲಿಯುತ್ತೇವೆ. ತಪ್ಪಾದ ಟಿಕೆಟ್ ನೋಡಿ ಪ್ರಾಂಪ್ಟಿಗೆ "ಜುಮ್ ಅಂದರೆ ಅಪಾಯ" ಅಂತ ಸೇರಿಸುತ್ತೇವೆ. ಆ ಟಿಕೆಟ್ ಸರಿಹೋಗುತ್ತದೆ, ಅಂಕ ಏರುತ್ತದೆ. ಮುಂದಿನ ತಿಂಗಳು ಇನ್ನೊಬ್ಬರು ಬೇರೆ ಪದ ಬಳಸುತ್ತಾರೆ. ಪ್ರಾಂಪ್ಟಿನಲ್ಲಿ ಉದಾಹರಣೆಯಾಗಿ ಕೊಟ್ಟ ಟಿಕೆಟ್ಟೇ ಟೆಸ್ಟ್ ಸೆಟ್‌ನಲ್ಲೂ ಇದ್ದರಂತೂ ಉತ್ತರ ಪತ್ರಿಕೆ ಕೈಗೆ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ಅದಕ್ಕೆ ತಿದ್ದಲು ಬೇರೆ 150 ಟಿಕೆಟ್ ಇಟ್ಟುಕೊಳ್ಳಿ. ಅವುಗಳ ತಪ್ಪುಗಳನ್ನು ಎಷ್ಟು ಸಲ ಬೇಕಾದರೂ ನೋಡಿ. 420ನ್ನು ಬೀಗ ಹಾಕಿಡಿ. ಪ್ರಾಂಪ್ಟ್ ಸಿದ್ಧ ಆಯಿತು ಅನ್ನಿಸಿದಾಗ ಮಾತ್ರ ಓಡಿಸಿ.

ಓಡಿಸಿದಾಗ ಹಳೆಯ ಪ್ರಾಂಪ್ಟಿಗೆ 300ರಲ್ಲಿ 268, ಹೊಸದಕ್ಕೆ 276 ಬಂತು ಅಂದುಕೊಳ್ಳಿ. ಎಂಟು ಜಾಸ್ತಿ. ಹೊಸದನ್ನೇ ಹಾಕಬೇಕಾ? ಎರಡರ ಉತ್ತರ ಬೇರೆಯಾದ ಟಿಕೆಟ್‌ಗಳನ್ನು ಮಾತ್ರ ನೋಡಿ. ಅಂಥವು 20 ಇದ್ದವು. 14ರಲ್ಲಿ ಹೊಸದು ಗೆದ್ದಿದೆ, 6ರಲ್ಲಿ ಹಳೆಯದು. ನಾಣ್ಯವನ್ನು 20 ಸಲ ಚಿಮ್ಮಿದರೂ ಯಾವುದೋ ಒಂದು ಮುಖ 14 ಅಥವಾ ಅದಕ್ಕಿಂತ ಹೆಚ್ಚು ಸಲ ಬರುವುದು ನೂರಕ್ಕೆ 11–12 ಬಾರಿ ಆಗುತ್ತದೆ. ಅಂದರೆ ಇದು ಬರೀ ಅದೃಷ್ಟವೂ ಇರಬಹುದು. ಜೊತೆಗೆ ಒಂದೇ ಪ್ರಾಂಪ್ಟನ್ನು, ಒಂದೇ ಸೆಟ್ಟಿಂಗ್‌ನಲ್ಲಿ ಎರಡು ಸಲ ಓಡಿಸಿ ನೋಡಿ. ಕೆಲವು ಉತ್ತರ ತಾನಾಗಿಯೇ ಬದಲಾಗುತ್ತವೆ. ಉತ್ತರ ಎಷ್ಟು ಏರುಪೇರಾಗಬಹುದು ಅಂತ ಹೇಳುವ `temperature` ಸೆಟ್ಟಿಂಗನ್ನು ಸೊನ್ನೆ ಇಟ್ಟರೂ ಪೂರ್ತಿ ನಿಲ್ಲುವುದಿಲ್ಲ. ಅಂಥ ಆರು ಬದಲಾವಣೆ ಬಂದರೆ, ಎಂಟರ ಗೆಲುವಿಗೆ ಜಾಸ್ತಿ ಬೆಲೆ ಕೊಡಬೇಡಿ. ಅಂಥ ಹೊತ್ತಿನಲ್ಲಿ ನಾನು ನೋಡುವುದು ಅಪಾಯದ 120ನ್ನು. ಅಲ್ಲಿ ಹೊಸದು ಸೋತಿಲ್ಲ ಅಂದರೆ ಹಾಕುತ್ತೇನೆ, ಇಲ್ಲದಿದ್ದರೆ ಹಳೆಯದೇ ಇರಲಿ.

ಕೈಯಲ್ಲಿ ಒಂದೇ ದಿನ, ಒಬ್ಬರೇ ಜನ ಇದ್ದರೆ? ಆಗ 300ನ್ನು 150ಕ್ಕೆ ಇಳಿಸಿ. ಒಟ್ಟಾರೆ ಅಂಕದ ಆಚೀಚೆ ಸುಮಾರು 5 ಆಗುತ್ತದೆ, ಪರವಾಗಿಲ್ಲ. ಕಾರ್ಡಿನ ಟಿಕೆಟ್‌ಗಳನ್ನು ಮಾತ್ರ ಕಡಿಮೆ ಮಾಡಬೇಡಿ. ಮತ್ತೆ ಕಾರ್ಡ್ ತೆಗೆಯುವಾಗ ಬೇಸಿಗೆಯವನ್ನೇ ತೆಗೆಯಬೇಡಿ. ಫೆಬ್ರವರಿಯಿಂದ ಮೇವರೆಗೆ ನಮ್ಮಲ್ಲಿ ಬರುವುದು ವೋಲ್ಟೇಜ್ ಇಲ್ಲ, ಮೋಟ್ರು ಸುಟ್ಟಿತು, ಬೋರ್ ಬತ್ತಿತು ಅನ್ನುವ ದೂರು. ಬಾಡಿಯಲ್ಲಿ ಕರೆಂಟ್ ಬರುವುದು ಮಳೆ ಬಿದ್ದು ಪ್ಯಾನಲ್ ಬೋರ್ಡ್ ಒದ್ದೆಯಾದ ಮೇಲೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಟ್ಟನ್ನು ಮೊದಲು ಬಿಚ್ಚಿ.